ಬೆಳಗಾವಿ ಯಾಕೆ ತಂಪು? ಅಕ್ಷಾಂಶ ಓದಿ ನೋಡಿದ ನನ್ನ ಅನುಭವ

ನಾನು ವಿಜಯಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ಒಂದು ದಿನ ಕ್ಲಾಸಿನಲ್ಲಿ ಫೋನಿನ ಮ್ಯಾಪ್ ತೆಗೆದು ನಮ್ಮ ಊರಿನ ಮೇಲೆ ಬೆರಳು ಒತ್ತಿ ಹಿಡಿದೆ. `16.83, 75.71` ಅಂತ ಬಂತು. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಹಾಗಾಗಿ 16.83 ಅನ್ನು 111ರಿಂದ ಗುಣಿಸಿದೆವು. ಸಮಭಾಜಕ ವೃತ್ತ ನಮ್ಮಿಂದ ನೇರ ದಕ್ಷಿಣಕ್ಕೆ ಸುಮಾರು 1,868 ಕಿ.ಮೀ. ದೂರ. ಒಬ್ಬ ಹುಡುಗನಿಗೆ ಮಾತ್ರ ಉತ್ತರ 37 ಕಿ.ಮೀ. ಕಡಿಮೆ ಬಂತು. ಅವನ ಅಟ್ಲಾಸ್‌ನಲ್ಲಿ 16°50′ ಅಂತ ಇತ್ತು, ಅದನ್ನು 16.50 ಅಂತ ಬರೆದುಕೊಂಡಿದ್ದ. ಡಿಗ್ರಿಗೆ 60 ಮಿನಿಟು. 50 ಅನ್ನು 60ರಿಂದ ಭಾಗಿಸಬೇಕು, ಆಗ 16.83 ಬರುತ್ತದೆ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23.5 ಡಿಗ್ರಿಯಲ್ಲಿ. ನಾವು ಅದರ ಒಳಗಿದ್ದೇವೆ, ಅಂದರೆ ಉಷ್ಣವಲಯ. ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಮೇ ಮೊದಲ ವಾರದ ಕೊನೆಗೆ ಮನೆ ಮಾಳಿಗೆ ಮೇಲೆ ಒಂದು ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿ ಕಾದೆ. ಗಡಿಯಾರದ 12ಕ್ಕೆ ನೆರಳು ಇನ್ನೂ ಇತ್ತು. 12:24ರ ಹೊತ್ತಿಗೆ ಪೈಪಿನ ಬುಡದಲ್ಲಿ ಅಡಗಿಬಿಟ್ಟಿತು. ಈ ತಡಕ್ಕೆ ಮುಖ್ಯ ಕಾರಣ ರೇಖಾಂಶ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ 4 ನಿಮಿಷ ಹಿಂದೆ.

ಇಷ್ಟಾದ ಮೇಲೆ ಒಬ್ಬ ಹುಡುಗಿ ಕೇಳಿದಳು, "ಸರ್, ಬೆಳಗಾವಿ 15.85 ಐತಿ. ನಮಗಿಂತ ಸಮಭಾಜಕಕ್ಕ ಹತ್ರ. ಮತ್ತ ಅಲ್ಲಿ ಯಾಕ್ರಿ ತಂಪು?"

ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಅಕ್ಷಾಂಶ ಹೇಳುವುದು ಬಿಸಿಲು ಎಷ್ಟು ನೇರವಾಗಿ ಬೀಳುತ್ತದೆ ಅನ್ನುವುದನ್ನು ಮಾತ್ರ. ಒಂದು ಡಿಗ್ರಿಯ ವ್ಯತ್ಯಾಸದಿಂದ ಅದರಲ್ಲಿ ಏನೂ ಜಾಸ್ತಿ ಬದಲಾಗುವುದಿಲ್ಲ. ಬೆಳಗಾವಿ ನಮಗಿಂತ ಸುಮಾರು 150 ಮೀಟರ್ ಎತ್ತರದಲ್ಲಿದೆ, ಅದರಿಂದ ಒಂದು ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗಬಹುದು, ಅಷ್ಟೇ. ದೊಡ್ಡ ಕಾರಣ ಸಹ್ಯಾದ್ರಿ. ಬೆಳಗಾವಿಯ ರೇಖಾಂಶ 74.50, ಘಟ್ಟದ ಮಗ್ಗುಲಲ್ಲೇ ಇದೆ. ಮುಂಗಾರಿನ ಮೋಡ ಘಟ್ಟ ಹತ್ತಿ ಇಳಿಯುವಾಗ ಅಲ್ಲಿ ಇನ್ನೂ ಮಳೆ ಉಳಿದಿರುತ್ತದೆ. ಅಲ್ಲಿಂದ ಪೂರ್ವಕ್ಕೆ ನೂರು ಕಿ.ಮೀ. ಮೀರಿ ಬರುವಷ್ಟರಲ್ಲಿ ಗಾಳಿ ಒಣಗಿರುತ್ತದೆ. ನಮಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಬೆಳಗಾವಿಗೆ ಅದರ ಎರಡು ಪಟ್ಟು.

ಆಮೇಲೆ ಅದೇ ಹುಡುಗಿ ಗ್ಲೋಬ್ ತಿರುಗಿಸಿ ಬೆಳಗಾವಿಯ ಗೆರೆ ಹಿಡಿದು ಪಶ್ಚಿಮಕ್ಕೆ ಬೆರಳು ಎಳೆದಳು. ಸುಡಾನಿನ ಖಾರ್ಟೂಮ್ ಪಕ್ಕದಲ್ಲೇ ಹೋಯಿತು. ಅದರ ಅಕ್ಷಾಂಶ 15.6. ಅಲ್ಲಿರುವುದು ಮರುಭೂಮಿ.