ಐದನೇ ತಟ್ಟು ಕೈಬಿಡದೆ ನೆರವಲ್, ಸ್ವರ

ರಾಯಚೂರು, ಕೊಪ್ಪಳದ ಕಡೆ ಕಿವಿಗೆ ಮೊದಲು ಬೀಳುವುದು ತಬಲಾದ ಠೇಕಾ. ತಾಳದಲ್ಲಿ ಎಲ್ಲಿದ್ದೇವೆಂದು ಠೇಕಾನೇ ಹೇಳುತ್ತಿರುತ್ತದೆ. ಕರ್ನಾಟಕ ಸಂಗೀತದ ಮೃದಂಗ ಹಾಗೆ ಹೇಳುವುದಿಲ್ಲ, ಅದು ಹಾಡಿನ ನಡೆಯನ್ನು ಹಿಡಿದು ನುಡಿಯುತ್ತದೆ. ಹಾಗಾಗಿ ಲೆಕ್ಕವೆಲ್ಲ ನಮ್ಮ ಕೈಯಲ್ಲೇ ಇರಬೇಕು. ಆದಿತಾಳದ ಆವರ್ತಕ್ಕೆ ಎಂಟು ಅಕ್ಷರ: ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟು-ಬೀಸಿನ ಎರಡು ದ್ರುತ. ಇದರಲ್ಲಿ ನಾನು ನೆಚ್ಚಿಕೊಳ್ಳುವುದು ಮೊದಲ ದ್ರುತದ ತಟ್ಟನ್ನು, ಅಂದರೆ ಐದನೇ ಅಕ್ಷರವನ್ನು.

ವಿವರಣೆಗೆಂದೇ ಕಟ್ಟಿದ ಸಾಲು ಇದು: ‘ಕಾಯೋ ದೇವಾ ಕರುಣಾ ನಿಧಿಯೇ’. ರಾಗ ಮೋಹನ, ಅರ್ಧ ಎಡುಪು, ಅಂದರೆ ಸಾಲು ಎತ್ತುವುದು ಆವರ್ತದ ಮೊದಲ ಅಕ್ಷರವಾದ ಸಮದಿಂದ ಅರ್ಧ ಅಕ್ಷರ ಕಳೆದು. ಸಮದ ತಟ್ಟು ಬಿದ್ದು ಎರಡು ಮಾತ್ರೆ ಕಳೆದ ಮೇಲೆ ‘ಕಾ’. ಉಂಗುರಬೆರಳಿಗೆ ‘ದೇವಾ’, ಐದನೇ ತಟ್ಟಿಗೆ ‘ಕರುಣಾ’, ಏಳನೆಯದಕ್ಕೆ ‘ನಿಧಿಯೇ’. ನೆರವಲ್‌ನಲ್ಲಿ ಅದೇ ಸಾಲನ್ನು ಬೆಳೆಸುತ್ತ ಹೋಗುವಾಗ ಸಂಗತಿ, ಅಂದರೆ ಸ್ವರಗಳ ಓಟ, ಎಷ್ಟೇ ಬದಲಾದರೂ ಈ ಜಾಗಗಳು ಕದಲಬಾರದು. ಎಡವುವುದು ‘ದೇವಾ’ದಲ್ಲಿ. ಅಕಾರ ಹಿಗ್ಗುತ್ತ ಹೋಗಿ ‘ಕರುಣಾ’ ಬೀಸಿಗೆ ಬೀಳುತ್ತದೆ, ಕೊನೆಗೆ ‘ನಿಧಿಯೇ’ ಉಸಿರುಗಟ್ಟಿ ಓಡುತ್ತದೆ. ಅದಕ್ಕೇ ನಡುಬೆರಳು ಬಂದಾಗ ಸಂಗತಿ ಮುಗಿಸಿ ಉಸಿರು ತೆಗೆದುಕೊಳ್ಳುತ್ತೇನೆ. ಉಸಿರನ್ನು ಪದದ ನಡುವೆ ತೆಗೆದುಕೊಂಡರೆ ‘ಕರು... ಣಾ’ ಎಂದಾಗಿ ದೇವರ ಬದಲು ಕೊಟ್ಟಿಗೆಯ ಕರು ಎದ್ದು ಬರುತ್ತದೆ!

ಸರಿಗಮಗಳಲ್ಲೇ ಹಾಡುವ ಸ್ವರದ ಮುಕ್ತಾಯಕ್ಕೂ ಅದೇ ತಟ್ಟು. ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ ನಾಲ್ಕು ಮಾತ್ರೆ. ಐದನೇ ತಟ್ಟಿನಿಂದ ಆವರ್ತದ ಕೊನೆಗೆ 16, ಎಡುಪಿಗೆ ಇನ್ನೆರಡು, ಒಟ್ಟು 18. ಹದಿನೆಂಟೆಂದರೆ ಮೂರು ಆರು. ‘ಗಪಗರಿಸರಿ’ಯನ್ನು ಸರಿಯಾಗಿ ಆ ತಟ್ಟಿಗೆ ಹಿಡಿದು ಮೂರು ಸಲ ಹಾಡಿದರೆ ಕೊನೆಯ ರಿ ಮುಗಿದೊಡನೆ ಸಾಲಿನ ‘ಕಾ’ ಗಾಂಧಾರದಲ್ಲಿ ಎದ್ದುಕೊಳ್ಳುತ್ತದೆ.

ಒಂದೇ ತುಣುಕು ಮೂರು ಸಲ ಬಂದು ಸಮಕ್ಕೆ ಮುಗಿಯುವ ತಿಹಾಯಿ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ತೊಡಕಿದೆ. ಮೂರನೇ ಸಲ ಸಮಕ್ಕೇ ಮುಗಿಸುವ ಸೆಳೆತ ಬಂದು ಬಾಯಿ ಎರಡು ಸ್ವರ ನುಂಗುತ್ತದೆ, ಇಲ್ಲವೇ ಕೈ ತಡವಾಗಿ ಬೀಳುತ್ತದೆ. ಎರಡನೆಯದು ಹಾಡುವವರಿಗೆ ಗೊತ್ತೇ ಆಗುವುದಿಲ್ಲ, ಕೈ-ಬಾಯಿ ಕೂಡಿಯೇ ಇರುತ್ತವಲ್ಲ. ಮೃದಂಗದಲ್ಲಿ ಮುಗಿಸುವ ಪೆಟ್ಟಾದ ಅರುದಿ ನಿಮ್ಮ ಕೈಗಿಂತ ಮೊದಲು ಬಿದ್ದರೆ ಬಹುಮಟ್ಟಿಗೆ ತಪ್ಪು ಕೈಯದೇ. ಮನೆಯಲ್ಲಿ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟರೆ ಆವರ್ತಕ್ಕೆ ಎಂಟು ಸೆಕೆಂಡು. ನಾಲ್ಕು ಆವರ್ತ ಕೇಳಿ, ಸದ್ದು ಅಡಗಿಸಿ, ನಾಲ್ಕು ಆವರ್ತ ಸ್ವರ ಹಾಡಿ ಮತ್ತೆ ಸದ್ದು ತೆರೆದು ನೋಡುತ್ತೇನೆ. ಕೈ ಎಷ್ಟು ಜಾರಿತೆಂಬುದು ಆಗ ಬಯಲಾಗುತ್ತದೆ.

ಕಛೇರಿಯಲ್ಲಿ ಐದನೇ ತಟ್ಟು ತಪ್ಪಿತೋ, ಮುಕ್ತಾಯ ಬಿಟ್ಟುಬಿಡುತ್ತೇನೆ. ಅರ್ಧದಿಂದ ಹಿಡಿದು ಸರಿಗಟ್ಟಲು ಹೋಗುವುದಿಲ್ಲ. ರಿಷಭದಲ್ಲಿ ನಿಂತು, ಕೈ ಸಮಕ್ಕೆ ಬಂದು ಎರಡು ಮಾತ್ರೆ ಕಳೆದಾಗ ಬರೀ ‘ಕಾಯೋ’ ಎತ್ತುತ್ತೇನೆ. ಪಿಟೀಲಿನವರು ಅಲ್ಲಿಂದ ಹಿಡಿದುಕೊಳ್ಳುತ್ತಾರೆ.