ನಿಯಮ ಓದದವರಿಗೊಂದು ಟೆಂಪ್ಲೇಟ್: ಬೀಜ ಕಂಪನಿಯ ಪೋಸ್ಟರ್ ಕೆಲಸದಲ್ಲಿ ನನ್ನ ಅನುಭವ

ಪವರ್‌ಪಾಯಿಂಟ್‌ನಲ್ಲಿ ಪೋಸ್ಟರ್ ಮಾಡುವುದೆಂದರೆ ನಮ್ಮ ವೃತ್ತಿಯವರು ಮೂಗು ಮುರಿಯುತ್ತಾರೆ. ರಾಯಚೂರಿನ ಬೀಜ ಕಂಪನಿಯೊಂದಕ್ಕೆ ನಾನು ಅದರಲ್ಲೇ ಟೆಂಪ್ಲೇಟ್ ಮಾಡಿಕೊಡುತ್ತೇನೆಂದಾಗ ಇಲ್ಲಿನ ಇಬ್ಬರು ಹಳೆಯ ಡಿಟಿಪಿ ಗೆಳೆಯರು ನಕ್ಕಿದ್ದರು. ಹಂಗಾಮು ಮುಗಿಯುವುದರೊಳಗೆ ಲೋಗೋ ಮತ್ತೆ ಚಪ್ಪಟೆಯಾಗಿ ಬರುತ್ತದೆ ಎಂದು ಒಬ್ಬರು ಪಂಥವನ್ನೂ ಕಟ್ಟಿದ್ದರು. ಈಗ ಎರಡು ಹಂಗಾಮು ದಾಟಿವೆ. ಮಾನ್ವಿ, ಸಿಂಧನೂರು, ದೇವದುರ್ಗ, ಲಿಂಗಸುಗೂರುಗಳಲ್ಲಿ ಆ ಕಂಪನಿಯ ಕ್ಷೇತ್ರ ಸಿಬ್ಬಂದಿ ತಾವೇ ತಯಾರಿಸಿದ ನೂರೈವತ್ತರಷ್ಟು ಪೋಸ್ಟರುಗಳನ್ನು ನಾನು ನೋಡಿದ್ದೇನೆ, ಅವುಗಳಲ್ಲಿ ನಿಯಮ ಮುರಿದವು ಐದಾರು ಇರಬಹುದು.

ಕ್ಷೇತ್ರೋತ್ಸವ, ಡೀಲರ್ ಸಭೆ, ಹೊಸ ತಳಿಯ ಪ್ರಾತ್ಯಕ್ಷಿಕೆ ಎಂದು ಮುಂಗಾರಿನಲ್ಲಿ ತಿಂಗಳಿಗೆ ಮೂವತ್ತು ನಲವತ್ತು ಪೋಸ್ಟರ್ ಬೇಕಾಗುತ್ತಿದ್ದವು. ಒಂದಕ್ಕೆ ಇನ್ನೂರೈವತ್ತು ರೂಪಾಯಿಯಂತೆ ನಾನೇ ಮಾಡಿಕೊಡುತ್ತಿದ್ದೆನಾದರೂ, ರಾತ್ರಿ ಒಂಬತ್ತಕ್ಕೆ ಊರ ಹೆಸರು ಬಂದು ಬೆಳಿಗ್ಗೆ ಏಳಕ್ಕೆ ಫ್ಲೆಕ್ಸ್ ಬೇಕೆನ್ನುವ ಪರಿಸ್ಥಿತಿಯಲ್ಲಿ ಅರ್ಧದಷ್ಟನ್ನು ಸಿಬ್ಬಂದಿಯೇ ಹಳೆಯ ಫೈಲಿನ ಮೇಲೆ ಬರೆದುಕೊಂಡು ಮುದ್ರಿಸುತ್ತಿದ್ದರು. ಹಸಿರು ಲೋಗೋ ನೀಲಿಯಾದದ್ದು, ಹೋದ ವರ್ಷದ ದಿನಾಂಕವೇ ಉಳಿದದ್ದು, ತೊಗರಿಯ ಕಾರ್ಯಕ್ರಮಕ್ಕೆ ಹತ್ತಿಯ ಚಿತ್ರ ಬಂದದ್ದು ಎಲ್ಲವೂ ಆಗಿಹೋಗಿದ್ದವು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಲೋಗೋ ಸುತ್ತ ಎಷ್ಟು ಜಾಗ ಬಿಡಬೇಕು, ಯಾವ ಹಸಿರು, ಯಾವ ಫಾಂಟ್ ಎಂದು ಇಪ್ಪತ್ತು ಪುಟಗಳ ಮಾರ್ಗಸೂಚಿ ಬರೆದು, ಹನ್ನೆರಡು ಸಾವಿರ ತೆಗೆದುಕೊಂಡು ಪಿಡಿಎಫ್ ಕಳುಹಿಸಿದೆ. ಮಾಲೀಕರು ನೋಡಿ, “ಛಲೋ ಅದ, ಆದ್ರ ಓದೋರು ಯಾರ್ರಿ ಇದನ್ನ?” ಎಂದರು. ಅವರು ಹೇಳಿದ್ದೇ ಸರಿ. ಮುಂದೆ ಕೋರಲ್‌ಡ್ರಾ ಫೈಲನ್ನೇ ಕೊಟ್ಟು ನೋಡಿದೆವು, ಆದರೆ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆರೆಯುವ ಸಾಫ್ಟ್‌ವೇರೇ ಇರಲಿಲ್ಲ. ಎಲ್ಲರ ಬಳಿಯೂ ಇದ್ದದ್ದು, ಎಲ್ಲರ ಕೈಗೂ ಪಳಗಿದ್ದು ಪವರ್‌ಪಾಯಿಂಟ್ ಒಂದೇ. ಹಾಗಾಗಿ ನಿಯಮವನ್ನು ಅವರಿಗೆ ಕಲಿಸುವ ಬದಲು ಅವರ ಮೌಸ್ ಮುಟ್ಟಲಾಗದ ಜಾಗದಲ್ಲಿ ಇಡುವುದೇ ದಾರಿ ಎಂದು ತೀರ್ಮಾನಿಸಿದೆ.

ಆ ಜಾಗ ಸ್ಲೈಡ್ ಮಾಸ್ಟರ್ ಮತ್ತು ಅದರ ಕೆಳಗಿನ ಲೇಔಟ್‌ಗಳು ಎಂಬುದು ನಿಮಗೆಲ್ಲ ಗೊತ್ತಿದೆ. ಲೋಗೋ, ಕೆಳಗಿನ ಹಸಿರು ಪಟ್ಟಿ, ಕಂಪನಿಯ ವಿಳಾಸ ಇವೆಲ್ಲ ಮಾಸ್ಟರ್‌ಗೆ ಹೋದರೆ ಸಾಮಾನ್ಯ ನೋಟದಲ್ಲಿ ಅವನ್ನು ಆಯ್ಕೆ ಮಾಡುವುದಕ್ಕೇ ಬರುವುದಿಲ್ಲ. ಬರೆಯಬೇಕಾದ ಕಡೆ ಮಾತ್ರ ಪ್ಲೇಸ್‌ಹೋಲ್ಡರ್ ಇಟ್ಟೆ: ಕಾರ್ಯಕ್ರಮದ ಹೆಸರು, ಊರು, ದಿನಾಂಕ ಮತ್ತು ಸಮಯ, ಚಿತ್ರ, ಸಂಪರ್ಕದ ಮೊಬೈಲ್. ಪ್ರತಿಯೊಂದರೊಳಗೂ “ಇಲ್ಲಿ ಊರ ಹೆಸರು ಬರೆಯಿರಿ” ಎಂಬಂಥ ಸೂಚನೆಯನ್ನು ಕನ್ನಡದಲ್ಲಿಯೇ ಹಾಕಿದೆ. ಟೆಕ್ಸ್ಟ್ ಬಾಕ್ಸಿನೊಳಗೆ ಬರೆದ ಮಾದರಿ ಪಠ್ಯ ಅಳಿಸದಿದ್ದರೆ ಹಾಗೆಯೇ ಮುದ್ರಣವಾಗುತ್ತದೆ, ಪ್ಲೇಸ್‌ಹೋಲ್ಡರಿನ ಸೂಚನೆಯಾದರೋ ಭರ್ತಿಯಾಗದೆ ಉಳಿದರೂ ಪಿಡಿಎಫ್‌ನಲ್ಲಿ ಬರುವುದಿಲ್ಲ. ಹಳೆಯ ದಿನಾಂಕ ಉಳಿಯುವ ಪಿಡುಗು ಬಹುಮಟ್ಟಿಗೆ ಕಡಿಮೆಯಾದದ್ದು ಇದರಿಂದಲೇ. ಯಾರಾದರೂ ಪೆಟ್ಟಿಗೆಯನ್ನು ಎಳೆದಾಡಿದರೂ ರೀಸೆಟ್ ಗುಂಡಿ ಒತ್ತಿದರೆ ಲೇಔಟಿನ ಜಾಗಕ್ಕೇ ಮರಳುತ್ತದೆ. ಎಳೆಯುವುದನ್ನೇ ತಡೆಯುವ ಇನ್ನೊಂದು ಉಪಾಯವೂ ಆ ಫೈಲಿನಲ್ಲಿದೆ, ಅದು ನನ್ನ ಹೊಟ್ಟೆಪಾಡಿನದಾದ್ದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ನಿಜವಾದ ತೊಡಕು ಎದುರಾದದ್ದು ಕನ್ನಡ ಅಕ್ಷರಗಳಲ್ಲಿ. ಶೀರ್ಷಿಕೆಗೆ ಬಾಲೂ ತಮ್ಮ, ಉಳಿದದ್ದಕ್ಕೆ ನೋಟೋ ಸಾನ್ಸ್ ಕನ್ನಡ ಎಂದು ನಿಗದಿಪಡಿಸಿದ್ದೆ. ಎರಡೂ ಉಚಿತ ಪರವಾನಗಿಯವು. ಥೀಮ್ ಫಾಂಟ್‌ನಲ್ಲಿ ಇವನ್ನು ಆರಿಸಿ ಕೊಟ್ಟರೂ ಸಿಬ್ಬಂದಿ ಕನ್ನಡದಲ್ಲಿ ಬರೆಯತೊಡಗಿದೊಡನೆ ಅಕ್ಷರ ಬೇರೆಯೇ ಆಗುತ್ತಿತ್ತು, ಇಂಗ್ಲಿಷ್ ಮಾತ್ರ ಸರಿಯಾಗಿರುತ್ತಿತ್ತು. ಕಾರಣವಿಷ್ಟೇ: ಸಾಮಾನ್ಯವಾಗಿ ನಾವು ಆರಿಸುವುದು ಲ್ಯಾಟಿನ್ ಲಿಪಿಯ ಫಾಂಟನ್ನು. ಕನ್ನಡಕ್ಕೆ ಯಾವ ಫಾಂಟ್ ಎಂಬುದು ಥೀಮ್ ಫೈಲಿನೊಳಗೆ ಲಿಪಿವಾರು ಪಟ್ಟಿಯಲ್ಲಿ ಬೇರೆಯಾಗಿ ಬರೆದಿರುತ್ತದೆ, ಮತ್ತು ಅಲ್ಲಿ ಮೊದಲಿನಿಂದಲೂ ಇರುವುದು ತುಂಗಾ. ವಿಂಡೋಸ್ 10ರಿಂದೀಚೆಗೆ ತುಂಗಾ ಎಲ್ಲ ಯಂತ್ರಗಳಲ್ಲಿ ತಾನಾಗಿ ಇರುವುದಿಲ್ಲ, ಇಲ್ಲದ ಕಡೆ ಅದರ ಬದಲು ಮತ್ತೊಂದು ಫಾಂಟ್ ಬಂದು ಕೂರುತ್ತದೆ. ಫೈಲಿನ ಒಂದು ನಕಲು ಮಾಡಿಕೊಂಡು, ಅದರ ಹೆಸರಿನ ಕೊನೆಯ potx ಎಂಬ ಅಕ್ಷರಗಳನ್ನು zip ಎಂದು ಬದಲಿಸಿ, ppt/theme ಫೋಲ್ಡರಿನ theme1.xml ತೆರೆದರೆ ಈ ಸಾಲು ಎರಡು ಕಡೆ ಸಿಗುತ್ತದೆ:

```
<a:font script="Knda" typeface="Tunga"/>
```

ಮೊದಲನೆಯದು ಶೀರ್ಷಿಕೆಯ ಗುಂಪಿನದು, ಎರಡನೆಯದು ಒಡಲಿನದು. ನಾನು ಅವನ್ನು ಕ್ರಮವಾಗಿ ಹೀಗೆ ಮಾಡಿದೆ:

```
<a:font script="Knda" typeface="Baloo Tamma 2"/>
<a:font script="Knda" typeface="Noto Sans Kannada"/>
```

ಉಳಿಸಿ, ಹೆಸರನ್ನು ಮತ್ತೆ .potx ಮಾಡಿದ ಮೇಲೆ ಕನ್ನಡ ಹಿಡಿತಕ್ಕೆ ಬಂದಿತು. ಫಾಂಟನ್ನು ಫೈಲಿನೊಳಗೆ ಸೇರಿಸುವ ಸೌಲಭ್ಯವಿದೆ. ಅದರಲ್ಲಿ ಬಳಸಿದ ಅಕ್ಷರಗಳನ್ನು ಮಾತ್ರ ಸೇರಿಸುವ ಆಯ್ಕೆಯನ್ನು ಬಿಟ್ಟು ಎಲ್ಲ ಅಕ್ಷರಗಳನ್ನೂ ಸೇರಿಸುವುದನ್ನೇ ಆರಿಸಬೇಕು, ಇಲ್ಲವಾದರೆ ನಾವು ಬಳಸದೇ ಇದ್ದ ಅಕ್ಷರವನ್ನು ಅವರು ಬರೆದಾಗ ಗುಟ್ಟು ರಟ್ಟಾಗುತ್ತದೆ. ನನಗೆ ಅದರ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ. ಇಪ್ಪತ್ತರಷ್ಟು ಲ್ಯಾಪ್‌ಟಾಪ್‌ಗಳನ್ನು ಒಂದು ಶನಿವಾರ ಕಂಪನಿಯ ಗೋದಾಮಿಗೆ ತರಿಸಿ ಎರಡೂ ಫಾಂಟುಗಳನ್ನು ನಾನೇ ಹಾಕಿದೆ. ಹಾಕುವಾಗ ಒಂದೊಂದು ದಪ್ಪಕ್ಕೆ ಒಂದೊಂದು ಫೈಲ್ ಇರುವ ಆವೃತ್ತಿಯನ್ನೇ ಬಳಸಿ. ಎಲ್ಲ ದಪ್ಪವನ್ನೂ ಒಂದೇ ಫೈಲಿನಲ್ಲಿಟ್ಟಿರುವ ಆವೃತ್ತಿ ಆಫೀಸಿನಲ್ಲಿ ಸರಿಯಾಗಿ ನಡೆದುಕೊಳ್ಳುವುದಿಲ್ಲ.

ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದ ಪಠ್ಯವನ್ನು ತಂದು ಅಂಟಿಸುವವರೂ ಇದ್ದರು. ಅದು ಯಂತ್ರದ ಲೆಕ್ಕದಲ್ಲಿ ಕನ್ನಡವೇ ಅಲ್ಲವಾದ್ದರಿಂದ ಟೆಂಪ್ಲೇಟಿನ ಫಾಂಟ್ ಬಂದೊಡನೆ “ಕನ್ನಡ” ಎಂಬುದು PÀ£ÀßqÀ ಎಂದು ಕಾಣುತ್ತದೆ. ಮೊದಲ ವಾರ ಫೋನಿನ ಮೇಲೆ ಫೋನು ಬಂದು ಟೆಂಪ್ಲೇಟೇ ಕೆಟ್ಟಿದೆ ಎಂಬ ಗುಲ್ಲಾಯಿತು. ನುಡಿಯಲ್ಲಿಯೇ ಯೂನಿಕೋಡ್ ಆರಿಸಿಕೊಂಡು ಬರೆಯಲು ಹೇಳಿದೆ. ಕೀಲಿಮಣೆ ಬದಲಾಗದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ತಪ್ಪು ಅಷ್ಟು ವಿಕಾರವಾಗಿ ಕಾಣುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಏಕೆಂದರೆ ಅಂಥದ್ದನ್ನು ಯಾರೂ ಫ್ಲೆಕ್ಸ್‌ಗೆ ಕಳುಹಿಸುವುದಿಲ್ಲ.

ಸಾಲುಗಳ ಅಂತರದ ವಿಷಯವನ್ನೂ ಹೇಳಬೇಕು. ಆಫೀಸಿನ ಸಾಮಾನ್ಯ ಥೀಮಿನಲ್ಲಿ ಅದು 90 ಪ್ರತಿಶತ ಇರುತ್ತದೆ. ಇಂಗ್ಲಿಷಿಗೆ ಅದು ನಡೆಯುತ್ತದೆ, ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. “ಕ್ಷೇತ್ರೋತ್ಸವ” ಎಂಬುದರ ಕೆಳಗೆ “ಲಿಂಗಸುಗೂರು” ಬರೆದು ನೋಡಿ, ತಿಳಿಯುತ್ತದೆ. ನಾನು ಶೀರ್ಷಿಕೆಗೆ 105, ಒಡಲಿಗೆ 110ರ ಆಸುಪಾಸು ಇಟ್ಟೆ. ಪೆಟ್ಟಿಗೆಗೆ ಹಿಡಿಯದಿದ್ದರೆ ಅಕ್ಷರವನ್ನು ಕುಗ್ಗಿಸುವ ಆಯ್ಕೆಯನ್ನು ಊರ ಹೆಸರಿಗೆ ಮಾತ್ರ ಬಿಟ್ಟು ಉಳಿದೆಡೆ ತೆಗೆದುಹಾಕಿದೆ. ಅದು ಎಲ್ಲ ಕಡೆ ಇದ್ದರೆ ಜನ ಕಾರ್ಯಕ್ರಮದ ಹೆಸರಿನ ಪೆಟ್ಟಿಗೆಯಲ್ಲಿ ಇಡೀ ಆಹ್ವಾನಪತ್ರಿಕೆ ಬರೆಯುತ್ತಾರೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಥೀಮಿನ ಆರು ಆಕ್ಸೆಂಟ್ ಬಣ್ಣಗಳಲ್ಲಿ ಎರಡು ಕಂಪನಿಯವು, ಉಳಿದ ನಾಲ್ಕು ಅವುಗಳದೇ ತಿಳಿ ಮತ್ತು ಗಾಢ ಛಾಯೆಗಳು. ಮೇಲಿನ ಸಾಲಿನಲ್ಲಿ ಎಲ್ಲಿ ಒತ್ತಿದರೂ ಮನೆಯ ಬಣ್ಣವೇ ಬರಲಿ ಎಂಬುದು ಲೆಕ್ಕ. ಕೆಳಗಿನ ಸಿದ್ಧ ಕೆಂಪು, ಹಳದಿ, ನೀಲಿಗಳ ಸಾಲನ್ನು ತೆಗೆಯಲು ಬರುವುದಿಲ್ಲ. ನಾನು ಹೇಳಿದ ಐದಾರು ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು.

ಚಿತ್ರಕ್ಕೆ ಪಿಕ್ಚರ್ ಪ್ಲೇಸ್‌ಹೋಲ್ಡರ್ ಇಟ್ಟರೆ ಅದು ಪೆಟ್ಟಿಗೆ ತುಂಬುವಂತೆ ನಡುಭಾಗವನ್ನು ಹಿಡಿದು ಉಳಿದದ್ದನ್ನು ಕತ್ತರಿಸುತ್ತದೆ, ಎಳೆದು ಚಪ್ಪಟೆ ಮಾಡುವುದಿಲ್ಲ. ಆದರೆ ಮೊಬೈಲ್ ಅನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರವನ್ನು ಅಡ್ಡ ಪೆಟ್ಟಿಗೆಗೆ ಹಾಕಿದಾಗ ಪ್ರಗತಿಪರ ರೈತರೊಬ್ಬರ ತಲೆಯೇ ಹೋಗಿ ಹೆಗಲ ಮೇಲೆ ಇಳಿಬಿದ್ದ ರುಮಾಲಿನ ತುದಿ ಮಾತ್ರ ಉಳಿದಿತ್ತು. ಕ್ರಾಪ್ ಮಾಡಿ ಸರಿಪಡಿಸಿಕೊಳ್ಳಿ ಎಂದು ಹೇಳಿದರೆ ಯಾರೂ ಮಾಡುವುದಿಲ್ಲವಾದ್ದರಿಂದ ಲೇಔಟನ್ನೇ ಎರಡು ಮಾಡಿ “ನಿಂತ ಫೋಟೋ”, “ಅಡ್ಡ ಫೋಟೋ” ಎಂದು ಹೆಸರಿಟ್ಟೆ. ಪವರ್‌ಪಾಯಿಂಟ್ ತಾನಾಗಿ ಕೊಡುವ ಉಳಿದೆಲ್ಲ ಲೇಔಟುಗಳನ್ನು ಅಳಿಸಿಹಾಕಿದೆ. ನಡುವೆ ಉತ್ಸಾಹದಿಂದ ಹತ್ತಿ, ತೊಗರಿ, ಮೆಣಸಿನಕಾಯಿ, ಭತ್ತಕ್ಕೆ ಬೇರೆ ಬೇರೆ ಹಿನ್ನೆಲೆಗಳನ್ನಿಟ್ಟು ಹನ್ನೊಂದು ಲೇಔಟ್‌ಗಳ ಆವೃತ್ತಿಯನ್ನೂ ಮಾಡಿ ನೋಡಿದ್ದೆ. ಸಿಬ್ಬಂದಿ ಮೊದಲ ಎರಡನ್ನು ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ಆ ಕೆಲಸದ ನಾಲ್ಕೈದು ಸಾವಿರದಷ್ಟು ಸಮಯ ನೀರಿನಲ್ಲಿ ಹೋಮ.

ಮುದ್ರಣದ ಕಡೆ ಬಂದರೆ, ಆರು ಅಡಿ ಅಗಲ ನಾಲ್ಕು ಅಡಿ ಎತ್ತರದ ಫ್ಲೆಕ್ಸ್ ಎಂದರೆ 72 ಇಂಚು, ಪವರ್‌ಪಾಯಿಂಟ್‌ನ ಸ್ಲೈಡ್ 56 ಇಂಚಿಗಿಂತ ದೊಡ್ಡದಾಗುವುದಿಲ್ಲ. ಆದ್ದರಿಂದ ಕಾಲು ಅಳತೆಯಲ್ಲಿ, 18 ಇಂಚು ಅಗಲ 12 ಇಂಚು ಎತ್ತರಕ್ಕೆ ಸ್ಲೈಡ್ ಮಾಡಿದ್ದೇನೆ. ಸಿಬ್ಬಂದಿ ಮೊದಲು ಅದನ್ನು ಜೆಪೆಗ್ ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸುತ್ತಿದ್ದರು. ಪವರ್‌ಪಾಯಿಂಟ್ ಚಿತ್ರವಾಗಿ ಉಳಿಸುವಾಗ ಇಂಚಿಗೆ 96 ಚುಕ್ಕಿಯಂತೆ ಲೆಕ್ಕ ಹಿಡಿಯುವುದರಿಂದ ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಇಂಚಿಗೆ 24 ಮಾತ್ರ ಉಳಿಯುತ್ತದೆ, ವಾಟ್ಸಾಪ್ ಅದನ್ನೂ ಹಿಂಡುತ್ತದೆ. “ಇದು ಒಡಿತದ್ರಿ, ಬ್ಯಾರೆ ಕೊಡ್ರಿ” ಎಂದು ಫ್ಲೆಕ್ಸ್ ಅಂಗಡಿಯವರು ವಾಪಸ್ ಕಳುಹಿಸಿದರು. ಈಗ ಪಿಡಿಎಫ್ ಮಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕೆಂಬ ಒಂದೇ ಒಂದು ನಿಯಮವನ್ನು ಸಿಬ್ಬಂದಿಗೆ ಬಾಯಿಪಾಠ ಮಾಡಿಸಿದ್ದೇನೆ. ಅಂಗಡಿಯವರು ಅದನ್ನು ಕೋರಲ್‌ಗೆ ತರುವಾಗ ಅಕ್ಷರವನ್ನು ಟೆಕ್ಸ್ಟ್ ಆಗಿ ತೆಗೆದುಕೊಂಡರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಕರ್ವ್ಸ್ ಆಗಿ ತೆಗೆದುಕೊಳ್ಳಬೇಕು. ಪವರ್‌ಪಾಯಿಂಟ್‌ನ ಬಣ್ಣವೆಲ್ಲ ಆರ್‌ಜಿಬಿ ಆದ್ದರಿಂದ ಹಸಿರು ಫ್ಲೆಕ್ಸ್‌ನಲ್ಲಿ ಸ್ವಲ್ಪ ಮಂಕಾಗುತ್ತದೆ. ನಾಲ್ಕು ಅಂಗಡಿಗಳಿಗೆ ಒಪ್ಪಿಗೆಯಾದ ಬಣ್ಣದ ಒಂದೊಂದು ಫ್ಲೆಕ್ಸ್ ತುಂಡನ್ನೇ ಕೊಟ್ಟು, ಅದಕ್ಕೆ ಹೊಂದಿಸಿ ಎಂದಿದ್ದೇನೆ.

ಇದರ ಒಂದು ಮಿತಿಯನ್ನು ಒಪ್ಪಂದಕ್ಕೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೆಂಪ್ಲೇಟನ್ನು ನಾವು ತಿದ್ದಿದರೆ, ಅದರಿಂದ ಹಿಂದೆ ಹುಟ್ಟಿದ ಫೈಲುಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಯಾರೋ ಹಳೆಯ ಫೈಲನ್ನೇ ಗುಂಪಿನಲ್ಲಿ ಹಂಚುತ್ತಿದ್ದರೆ ಹಳೆಯ ವಿಳಾಸವೇ ಊರೂರು ಸುತ್ತುತ್ತದೆ. ಅದಕ್ಕೆ ಮಾಸ್ಟರ್‌ನ ಬಲಮೂಲೆಯಲ್ಲಿ, ಪಟ್ಟಿಯ ಬಣ್ಣಕ್ಕಿಂತ ಒಂದು ಛಾಯೆ ಮಾತ್ರ ಬೇರೆಯಾದ ಸಣ್ಣ ಅಂಕಿಯೊಂದನ್ನಿಟ್ಟಿದ್ದೇನೆ. ಈಗ ನಡೆಯುತ್ತಿರುವುದು ನಾಲ್ಕನೆಯ ಆವೃತ್ತಿ. ಪಿಡಿಎಫ್ ಕಂಡರೆ ಸಾಕು, ಯಾವ ಆವೃತ್ತಿಯೆಂದು ನನಗೆ ತಿಳಿಯುತ್ತದೆ. ಮೊಬೈಲಿನಲ್ಲಿ ತಿದ್ದುವವರಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ, ಅದನ್ನು ಕಂಪನಿಯೇ ನಿಷೇಧಿಸಿದೆ.

ಈ ಕೆಲಸಕ್ಕೆ ನಾನು ತೆಗೆದುಕೊಂಡದ್ದು ಇಪ್ಪತ್ತೆಂಟು ಸಾವಿರದ ಹತ್ತಿರ. ತಿಂಗಳಿಗೆ ನಾಲ್ಕೈದು ಸಾವಿರ ತರುತ್ತಿದ್ದ ಬಿಡಿ ಪೋಸ್ಟರುಗಳ ಕೆಲಸ ನಿಂತಿತು, ನಿಜ. ಅದರ ಬದಲು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮತ್ತು ಹಿಂಗಾರಿಗೆ ಮುಂಚೆ, ಟೆಂಪ್ಲೇಟ್ ಪರಿಷ್ಕರಿಸಿ ಹೊಸ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳನ್ನು ಸಿದ್ಧಪಡಿಸಲು ಒಂಬತ್ತು ಸಾವಿರದಂತೆ ಒಪ್ಪಂದವಾಗಿದೆ. ಪಂಥ ಕಟ್ಟಿದ ಗೆಳೆಯರು ಹಣ ಕೊಟ್ಟಿಲ್ಲ, ಆದರೆ ಸಿರವಾರದ ತಮ್ಮ ಗಿರಾಕಿಯೊಬ್ಬರ ಗೊಬ್ಬರದ ಅಂಗಡಿಗೆ ಇಂಥದ್ದೇ ಟೆಂಪ್ಲೇಟ್ ಬೇಕೆಂದು ಕೇಳಿದ್ದಾರೆ, ಆ ಕೆಲಸ ಈಗ ನಡೆಯುತ್ತಿದೆ.