ಬಸಿದ ಗಂಜಿಯಲ್ಲಿ ಎಷ್ಟು ಪಿಷ್ಟ ಹೋಯಿತು: ತೂಗಿ ನೋಡಿದ ಅನುಭವ

ನಮ್ಮ ಮನೆ ಪೊನ್ನಂಪೇಟೆಯ ಸಮೀಪ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಮೇಲೆ ಕುಕ್ಕರ್ ಬದಿಗಿಟ್ಟು ಅನ್ನ ಬಸಿಯತೊಡಗಿದೆವು. "ಸಕ್ಕರೆಯೆಲ್ಲ ಗಂಜಿಯಲ್ಲಿ ಹೋಗುತ್ತದೆ, ಇನ್ನೊಂದು ಸೌಟು ಹಾಕು" ಎಂದು ಅಮ್ಮ ತಟ್ಟೆ ಮುಂದೆ ಮಾಡುತ್ತಿದ್ದರು. ನಿಜವಾಗಿ ಎಷ್ಟು ಹೋಗುತ್ತದೆ ಎಂದು ತೂಗಿ ನೋಡಲು ನಿರ್ಧರಿಸಿದೆ.

200 ಗ್ರಾಂ ಬೆಳ್ತಿಗೆ ಅಕ್ಕಿ ತೊಳೆದು, ಕುದಿಯುವ ಎರಡು ಲೀಟರ್ ನೀರಿಗೆ ಹಾಕಿ 20 ನಿಮಿಷ ಬೇಯಿಸಿದೆ. ಬಸಿದಾಗ 1,240 ಗ್ರಾಂ ಗಂಜಿ, 570 ಗ್ರಾಂ ಅನ್ನ ಸಿಕ್ಕಿತು. ಉಳಿದ ನೀರು ಆವಿಯಾಗಿತ್ತು. ಗಂಜಿಯಿಂದ 500 ಗ್ರಾಂ ತೆಗೆದು, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹಾಕಿ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಪೂರ್ತಿ ಒಣಗಿಸಿದೆ. ನೇರ ಉರಿಗೆ ಇಟ್ಟರೆ ತಳ ಹಿಡಿದು ಲೆಕ್ಕ ಕೆಡುತ್ತದೆ.

ಮೊದಲ ಬಾರಿ ಉಳಿದದ್ದು 3 ಗ್ರಾಂ ಮಾತ್ರ. ಗಂಜಿ ಆರುವವರೆಗೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆದದ್ದು ತಪ್ಪಾಗಿತ್ತು. ಪಿಷ್ಟ ಪಾತ್ರೆಯ ತಳದಲ್ಲಿ ಮಂದವಾಗಿ ಕೂತಿತ್ತು. ಮರುದಿನ ಬಿಸಿಯಿರುವಾಗಲೇ ಕಲಕಿ ತೆಗೆದಾಗ 6 ಗ್ರಾಂ ಬಂತು. ಆ ಒಣ ಪದರವನ್ನು ರಾತ್ರಿಯಿಡೀ ಹಾಗೆಯೇ ಇಟ್ಟಿದ್ದೆ. ಆಷಾಢದ ಮಳೆಯ ತೇವ ಹೀರಿಕೊಂಡು ಬೆಳಿಗ್ಗೆ ತೂಕ ಏರಿತ್ತು. ಆದ್ದರಿಂದ ಒಲೆಯಿಂದ ಇಳಿಸಿದ ಕೂಡಲೇ ತೂಗಬೇಕು; ಮತ್ತೆ ಒಣಗಿಸಿದರೂ ತೂಕ ಇಳಿಯದಿದ್ದರೆ ಅದೇ ಸರಿಯಾದ ತೂಕ.

500 ಗ್ರಾಂ ಗಂಜಿಗೆ 6 ಗ್ರಾಂ ಎಂದರೆ ಒಟ್ಟು ಗಂಜಿಯಲ್ಲಿ ಸುಮಾರು 15 ಗ್ರಾಂ. ಅದರಲ್ಲಿ ಸ್ವಲ್ಪ ಪ್ರೋಟೀನ್, ಲವಣ, ಉಳಿದ ತೇವ ಸೇರಿರುವುದರಿಂದ ಕಾರ್ಬೋಹೈಡ್ರೇಟ್ 13 ಗ್ರಾಂ ಎಂದು ಹಿಡಿದೆ. 200 ಗ್ರಾಂ ಅಕ್ಕಿಯಲ್ಲಿ ಅದು ಇರುವುದು ಸುಮಾರು 156 ಗ್ರಾಂ. ಹೋದದ್ದು ನೂರಕ್ಕೆ ಎಂಟರಷ್ಟು.

ಅಮ್ಮ ಒಂದು ಊಟಕ್ಕೆ 250 ಗ್ರಾಂ ಅನ್ನ ತಿನ್ನುತ್ತಾರೆ. ಬಸಿದ ಅನ್ನವಾದರೆ ಅದರಲ್ಲಿ 63 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ಅಕ್ಕಿಯಿಂದ ಕುಕ್ಕರಿನಲ್ಲಿ 580 ಗ್ರಾಂ ಅನ್ನವಾಗಿತ್ತು, ಆ ಲೆಕ್ಕದಲ್ಲಿ 67 ಗ್ರಾಂ. ವ್ಯತ್ಯಾಸ ನಾಲ್ಕೇ ಗ್ರಾಂ. ಒಂದು ದೊಡ್ಡ ಚಮಚ ಅನ್ನ ಹೆಚ್ಚು ಬಡಿಸಿದರೆ ಅದು ಮುಗಿಯಿತು. ಅಮ್ಮ ಕೇಳುತ್ತಿದ್ದದ್ದು ಇಡೀ ಸೌಟು! ಗಂಜಿಗೆ ಉಪ್ಪು ಹಾಕಿ ಕುಡಿದರಂತೂ ಹೋದದ್ದೆಲ್ಲ ಮರಳಿ ಬರುತ್ತದೆ.

ಇನ್ನೂ ಹೆಚ್ಚು ಹೊರಹೋಗಲಿ ಎಂದು ಒಮ್ಮೆ 30 ನಿಮಿಷ ಬೇಯಿಸಿದೆ. ಅಗುಳು ಒಡೆದು 500 ಗ್ರಾಂ ಗಂಜಿಗೆ 9 ಗ್ರಾಂ ಬಂತು. ಆದರೆ ಒಡೆದು ಮೆತ್ತಗಾದ ಅನ್ನ ಬೇಗ ಜೀರ್ಣವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದು ಬೇಡವೇ ಬೇಡ. ಕುಸುಬಲಕ್ಕಿಯ ಗಂಜಿಯಲ್ಲಿ 3 ಗ್ರಾಂ ಮಾತ್ರ ಸಿಕ್ಕಿತು. ಭತ್ತವನ್ನು ಬೇಯಿಸಿ ಒಣಗಿಸುವಾಗಲೇ ಪಿಷ್ಟ ಗಟ್ಟಿಯಾಗಿ ಕೂಡಿಕೊಂಡಿರುವುದರಿಂದ ಅಗುಳು ಅದನ್ನು ಸುಲಭವಾಗಿ ಬಿಡುವುದಿಲ್ಲ.

ಗಂಜಿಯೊಂದಿಗೆ ಬಿ ಜೀವಸತ್ವಗಳೂ ಹರಿದುಹೋಗುತ್ತವೆ ಎಂಬುದು ನನ್ನ ತಕ್ಕಡಿಗೆ ಕಾಣದ ನಷ್ಟ. ಈಗ ಕುಕ್ಕರಿನಲ್ಲೇ ಮಾಡಿ, ಅಮ್ಮನ ತಟ್ಟೆಗೆ 180 ಗ್ರಾಂ ತೂಗಿ ಬಡಿಸುತ್ತೇನೆ.